ಬಿಸಿಯಾದ ಮೇಲೆ ಮಿಣುಕುವ ಆಯಿಲ್ ಲೈಟ್: ಡಬ್ಬದ ಮೇಲಿನ ಎರಡು ಅಂಕಿ ಓದಿ ದೋಷ ಹುಡುಕುವುದು

ಲಕ್ಷಣ ಹೀಗಿರುತ್ತದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ಏನೂ ತೊಂದರೆ ಇಲ್ಲ. ಓಡುವಾಗಲೂ ಇಲ್ಲ. ಸುಡು ಬಿಸಿಲಲ್ಲಿ ಒಂದು ಗಂಟೆ ಓಡಿಸಿ ಸಿಗ್ನಲ್‌ನಲ್ಲಿ ನಿಂತರೆ ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಆಯಿಲ್ ಲೈಟ್ ಮಿಣುಕಲು ಶುರು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಆರಿಹೋಗುತ್ತದೆ. ಬಿಟ್ಟರೆ ಮತ್ತೆ ಮಿಣುಕುತ್ತದೆ.

ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ. "ಬೇಸಿಗೆ ಸಾರ್, ಆಯಿಲ್ ತೆಳ್ಳಗಾಗಿದೆ. ಗಟ್ಟಿ ಆಯಿಲ್ ಹಾಕಿಬಿಡೋಣ." 5W-30 ತೆಗೆದು 15W-40 ಅಥವಾ 20W-50 ಹಾಕುತ್ತಾರೆ. ಲೈಟ್ ಆರುತ್ತದೆ. ಎಲ್ಲರಿಗೂ ಸಮಾಧಾನ.

ಈ ಉತ್ತರದಲ್ಲಿ ಅರ್ಧ ನಿಜ ಇದೆ. ಆಯಿಲ್ ತೆಳ್ಳಗಾಗಿರಬಹುದು. ಆದರೆ ಯಾಕೆ ತೆಳ್ಳಗಾಯಿತು ಎಂದು ಯಾರೂ ಕೇಳಲಿಲ್ಲ. ಗ್ರೇಡೇ ತಪ್ಪಿರಬಹುದು. ಗ್ರೇಡ್ ಸರಿಯಿದ್ದು ಆಯಿಲ್ ಮಿತಿಮೀರಿ ಕಾಯುತ್ತಿರಬಹುದು. ಅದಕ್ಕೆ ಪೆಟ್ರೋಲೋ ಡೀಸೆಲ್ಲೋ ಬೆರೆತಿರಬಹುದು. ಅಥವಾ ಆಯಿಲ್ ಚೆನ್ನಾಗಿಯೇ ಇದ್ದು ಪಂಪ್, ಬೇರಿಂಗ್, ಇಲ್ಲವೇ ಲೈಟ್‌ನ ಸ್ವಿಚ್ ಕೆಟ್ಟಿರಬಹುದು. ಗಟ್ಟಿ ಆಯಿಲ್ ಹಾಕಿದರೆ ಇವುಗಳಲ್ಲಿ ಬಹುತೇಕ ಎಲ್ಲ ಸಂದರ್ಭದಲ್ಲೂ ಲೈಟ್ ಆರಬಹುದು. ಅದಕ್ಕೇ ಅದು ಒಳ್ಳೆಯ ಪರೀಕ್ಷೆ ಅಲ್ಲ.

ಮೊದಲು ಒಂದು ಎಚ್ಚರಿಕೆ. ಮಿಣುಕುವುದು ಬೇರೆ, ಬಿಡದೆ ಉರಿಯುವುದು ಬೇರೆ. ಆಕ್ಸಿಲರೇಟರ್ ಒತ್ತಿದರೂ ಲೈಟ್ ಆರದಿದ್ದರೆ, ಅಥವಾ ಎಂಜಿನ್‌ನಿಂದ ಹೊಸದಾಗಿ ಬಡಿತ ಕೇಳಿಸಿದರೆ, ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಮುಂದಿನದ್ದು ಓದುವುದು ಆಮೇಲೆ.

ಎರಡು ಅಂಕಿ, ಎರಡು ಬೇರೆ ಅಳತೆ

5W-30 ಎನ್ನುವುದನ್ನು ಬಹಳ ಜನ ಹೀಗೆ ಓದುತ್ತಾರೆ: "ತಣ್ಣಗಿದ್ದಾಗ 5ರಷ್ಟು ತೆಳು, ಬಿಸಿಯಾದಾಗ 30ರಷ್ಟು ಮಂದ." ಅಂದರೆ ಬಿಸಿಯಾದಷ್ಟೂ ಆಯಿಲ್ ಮಂದವಾಗುತ್ತದೆ ಎಂದಾಯಿತು. ಹಾಗೆ ಆಗುವ ಎಂಜಿನ್ ಆಯಿಲ್ ಯಾವುದೂ ಇಲ್ಲ. ಎಲ್ಲ ಆಯಿಲ್ ಬಿಸಿಯಾದಷ್ಟೂ ತೆಳ್ಳಗಾಗುತ್ತದೆ, 5W-30 ಕೂಡ.

ಗೊಂದಲಕ್ಕೆ ಕಾರಣ ಏನೆಂದರೆ ಈ ಎರಡು ಅಂಕಿಗಳು ಒಂದೇ ಅಳತೆಗೋಲಿನವಲ್ಲ. ಇವನ್ನು ನಿಗದಿ ಮಾಡುವುದು ಎಸ್‌ಎಇ ಸಂಸ್ಥೆಯ ಜೆ300 ಎಂಬ ಮಾನದಂಡ. ಅದರಲ್ಲಿ W ಇರುವ ಅಂಕಿಗೆ ಒಂದು ಪರೀಕ್ಷೆ, W ಇಲ್ಲದ ಅಂಕಿಗೆ ಇನ್ನೊಂದು.

W ಎಂದರೆ ವಿಂಟರ್, ಚಳಿಗಾಲ. ಆ ಅಂಕಿ ಕೊಡುವುದು ಆಯಿಲನ್ನು ಸೊನ್ನೆಗಿಂತ ಬಹಳ ಕೆಳಗೆ ತಣ್ಣಗೆ ಮಾಡಿ. 5W ಅನ್ನಿಸಿಕೊಳ್ಳಲು ಆಯಿಲ್ ಮೈನಸ್ 30 ಡಿಗ್ರಿಯಲ್ಲೂ ಎಂಜಿನ್ ತಿರುಗಲು ಬಿಡಬೇಕು. 10W ಆದರೆ ಮೈನಸ್ 25. 15W ಆದರೆ ಮೈನಸ್ 20. 20W ಆದರೆ ಮೈನಸ್ 15. ಅಂಕಿ ಚಿಕ್ಕದಾದಷ್ಟೂ ಹೆಚ್ಚು ಚಳಿ ತಡೆಯುತ್ತದೆ, ಅಷ್ಟೇ. ಎಂಜಿನ್ ಕಾದಾಗ ಆಯಿಲ್ ಹೇಗಿರುತ್ತದೆ ಎಂದು ಈ ಅಂಕಿ ಹೇಳುವುದೇ ಇಲ್ಲ.

ಎರಡನೆಯ ಅಂಕಿ ಕೊಡುವುದು 100 ಡಿಗ್ರಿಯಲ್ಲಿ ಅಳೆದು. ಎಂಜಿನ್ ಪೂರ್ತಿ ಕಾದಾಗ ಆಯಿಲ್ ಹೆಚ್ಚುಕಡಿಮೆ ಆ ಬಿಸಿಯಲ್ಲೇ ಇರುತ್ತದೆ. ಅಳತೆಯ ಮಾನ ಸೆಂಟಿಸ್ಟೋಕ್ಸ್. ಅಂಕಿ ಜಾಸ್ತಿ ಇದ್ದರೆ ಆಯಿಲ್ ಮಂದ ಎಂದು ತಿಳಿದರೆ ಸಾಕು. 100 ಡಿಗ್ರಿಯಲ್ಲಿ 6.9ರಿಂದ 9.3ರ ಒಳಗಿದ್ದರೆ ಗ್ರೇಡ್ 20. 9.3ರಿಂದ 12.5ರ ಒಳಗಿದ್ದರೆ 30. 12.5ರಿಂದ 16.3ರ ಒಳಗಿದ್ದರೆ 40. 16.3ರಿಂದ 21.9ರ ಒಳಗಿದ್ದರೆ 50.

ಗ್ರೇಡ್ ಎನ್ನುವುದು ಒಂದು ಬಿಂದು ಅಲ್ಲ, ಒಂದು ಪಟ್ಟಿ. 12.2 ಇರುವ ಆಯಿಲ್ ಕೂಡ 30, 9.5 ಇರುವುದೂ 30. 12.2ರ 30ಕ್ಕೂ 12.8ರ 40ಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಒಂದೇ ಡಬ್ಬದ ಅಂಕಿ ಹೊತ್ತ ಎರಡು ಆಯಿಲ್‌ಗಳ ನಡುವೆ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಹುದು. ನಿಮ್ಮ ಆಯಿಲ್ ಪಟ್ಟಿಯ ಎಲ್ಲಿ ಕೂತಿದೆ ಎನ್ನುವುದು ಡಬ್ಬದ ಮೇಲೆ ಬರೆದಿರುವುದಿಲ್ಲ. ಕಂಪನಿಯ ಡೇಟಾ ಶೀಟ್ ನೋಡಿದರೆ ಸಿಗುತ್ತದೆ.

ಹಾಗಾದರೆ 5W-40, 15W-40 ಎರಡರಲ್ಲಿ ಬಿಸಿಯಾದಾಗ ಯಾವುದು ಮಂದ? ಎರಡೂ ಒಂದೇ ಪಟ್ಟಿಯವು. "ನಮ್ಮದು ಸೆಕೆಯ ಊರು, 5W ತೆಳ್ಳಗಾಯಿತು, 15W ಹಾಕಿ" ಎನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ. ಮೊದಲ ಅಂಕಿ ಬದಲಿಸಿದರೆ ಕಾದ ಎಂಜಿನ್‌ನ ಪ್ರೆಶರ್ ಏರುತ್ತದೆ ಎಂದು ನಂಬುವ ಹಾಗಿಲ್ಲ.

ಸೆಕೆಯ ಊರಿನಲ್ಲಿ "ತಣ್ಣಗಿನ" ಎಂಜಿನ್

ಹಾಗಿದ್ದರೆ ಮಂಜೇ ಬೀಳದ ಕಡೆ ಮೊದಲ ಅಂಕಿ ಪೂರ್ತಿ ವ್ಯರ್ಥವಾ? ಮೈನಸ್ 30ರ ಪರೀಕ್ಷೆ ನಮಗೆ ಬೇಡ, ನಿಜ. 20W ಆಯಿಲ್ ಹಾಕಿದರೂ ಸ್ಟಾರ್ಟರ್ ಸುಲಭವಾಗಿಯೇ ತಿರುಗುತ್ತದೆ. ಆದರೂ ಒಂದು ವಿಷಯ ಗಮನಿಸಬೇಕು. ಎಂಜಿನ್‌ನ ಲೆಕ್ಕದಲ್ಲಿ 40 ಡಿಗ್ರಿ ಕೂಡ ತಣ್ಣಗೇ.

ಸಾಮಾನ್ಯ 5W-30 ಆಯಿಲ್ ಒಂದನ್ನು ತೆಗೆದುಕೊಳ್ಳಿ. 100 ಡಿಗ್ರಿಯಲ್ಲಿ ಸುಮಾರು 10.5 ಇರುವ ಅದು 40 ಡಿಗ್ರಿಯಲ್ಲಿ ಸುಮಾರು 60 ಇರುತ್ತದೆ. ಅಂದರೆ ಬಿರುಬಿಸಿಲಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿದಾಗಲೂ ಆಯಿಲ್ ಕಾದಾಗಿನದಕ್ಕಿಂತ ಸುಮಾರು ಆರು ಪಟ್ಟು ಮಂದ. ಆ ಹೊತ್ತಿಗೆ ಅದು "ಬೇಸಿಗೆಗೆ ತೆಳು" ಆಗಿರುವ ಪ್ರಶ್ನೆಯೇ ಇಲ್ಲ. ಅದೇ 20W-50 ಆದರೆ 40 ಡಿಗ್ರಿಯಲ್ಲಿ ಸುಮಾರು 165. ಬೆಳಗಿನ ಜಾವ 20 ಡಿಗ್ರಿ ಇದ್ದರೆ 5W-30 ಸುಮಾರು 160ಕ್ಕೆ ಏರುತ್ತದೆ, 20W-50 ಐನೂರು ದಾಟುತ್ತದೆ.

ಇದರ ಪರಿಣಾಮ ಕಿವಿಗೇ ಗೊತ್ತಾಗುತ್ತದೆ. ತೆಳು ಆಯಿಲ್‌ಗೆಂದು ಮಾಡಿದ ಎಂಜಿನ್‌ಗೆ 20W-50 ಹಾಕಿದಾಗ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಮೇಲ್ಭಾಗದಿಂದ ಟಿಕ್ ಟಿಕ್ ಸದ್ದು ಮೊದಲಿಗಿಂತ ಜಾಸ್ತಿ ಹೊತ್ತು ಕೇಳಬಹುದು. ವಾಲ್ವ್ ಹತ್ತಿರದ ಹೈಡ್ರಾಲಿಕ್ ಭಾಗಗಳಿಗೆ ಆಯಿಲ್ ತಡವಾಗಿ ತಲುಪುತ್ತಿದೆ ಎಂದರ್ಥ. ವೇರಿಯಬಲ್ ವಾಲ್ವ್ ಟೈಮಿಂಗ್ ಇರುವ ಎಂಜಿನ್‌ಗಳಲ್ಲಿ ಸಣ್ಣ ಸಣ್ಣ ರಂಧ್ರಗಳ ಮೂಲಕ ಆಯಿಲ್ ಹರಿದು ಕ್ಯಾಮ್ ತಿರುಗಿಸಬೇಕು. ಅಲ್ಲಿ ಮಂದ ಆಯಿಲ್ ನಿಧಾನ ಮಾಡಿದರೆ ಚೆಕ್ ಎಂಜಿನ್ ಲೈಟ್ ಹತ್ತಬಹುದು. ಒಂದು ಲೈಟ್ ಆರಿಸಲು ಹೋಗಿ ಇನ್ನೊಂದು ಹತ್ತಿಸಿಕೊಂಡ ಹಾಗೆ.

ಇನ್ನೊಂದು ಮಾತು ಪ್ರೆಶರ್ ಬಗ್ಗೆ. ಮಂದ ಆಯಿಲ್ ಹಾಕಿದರೆ ಮೀಟರ್‌ನಲ್ಲಿ ಪ್ರೆಶರ್ ಏರುತ್ತದೆ. ಅದನ್ನು ನೋಡಿ ಎಂಜಿನ್‌ಗೆ ಜಾಸ್ತಿ ಆಯಿಲ್ ಸಿಗುತ್ತಿದೆ ಎಂದುಕೊಳ್ಳುತ್ತೇವೆ. ಪ್ರೆಶರ್ ಎಂದರೆ ಹರಿಯಲು ಇರುವ ಅಡ್ಡಿ. ತಣ್ಣಗಿನ ಮಂದ ಆಯಿಲನ್ನು ಪಂಪ್ ಜೋರಾಗಿ ತಳ್ಳಿದಾಗ ರಿಲೀಫ್ ವಾಲ್ವ್ ತೆರೆದು ಒಂದಷ್ಟು ಆಯಿಲ್ ವಾಪಸ್ ಹೋಗುತ್ತದೆ. ಮೀಟರ್ ಮೇಲಿದೆ, ಬೇರಿಂಗ್‌ಗೆ ಹೋಗುವ ಪಾಲು ಕಡಿಮೆ.

ಒಂದು ಗ್ರೇಡ್ ಎಂದರೆ ಎಷ್ಟು ಡಿಗ್ರಿ?

ಈಗ ಕಾದ ಎಂಜಿನ್‌ಗೆ ಬರೋಣ. ಲೈಟ್ ಮಿಣುಕುವುದು ಅಲ್ಲೇ ಅಲ್ವಾ.

ಒಂದು ಮಾಮೂಲಿ 15W-40 ಆಯಿಲ್ 100 ಡಿಗ್ರಿಯಲ್ಲಿ 14.5 ಇದೆ ಎಂದುಕೊಳ್ಳಿ. 110 ಡಿಗ್ರಿಗೆ ಅದು ಸುಮಾರು 11.5ಕ್ಕೆ ಇಳಿಯುತ್ತದೆ. 120 ಡಿಗ್ರಿಗೆ ಸುಮಾರು 9.4. ಅಂದರೆ 112-115 ಡಿಗ್ರಿಯಲ್ಲಿರುವ 40 ಗ್ರೇಡ್ ಆಯಿಲ್, 100 ಡಿಗ್ರಿಯಲ್ಲಿರುವ 30 ಗ್ರೇಡ್‌ನಷ್ಟೇ ತೆಳು. ಒಂದು ಗ್ರೇಡ್‌ನ ವ್ಯತ್ಯಾಸ ಆಯಿಲ್ ಬಿಸಿಯಲ್ಲಿ ಹತ್ತಕ್ಕಿಂತ ಸ್ವಲ್ಪ ಜಾಸ್ತಿ ಡಿಗ್ರಿಗೆ ಸಮ ಎಂದು ಇಟ್ಟುಕೊಳ್ಳಬಹುದು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ನೆನಪಿಡಬೇಕಾದ ಲೆಕ್ಕ ಇದೊಂದೇ.

ಇದನ್ನು ಇಟ್ಟುಕೊಂಡು ಪ್ರಶ್ನೆಯನ್ನು ತಿರುಗಿಸಿ ಕೇಳಿ. ಹೊರಗೆ ಬಿಸಿಲು ಏರಿದ್ದರಿಂದ ಒಳಗೆ ಆಯಿಲ್ ಬಿಸಿ ಎಷ್ಟು ಏರಿತು?

ನೀರಿನಿಂದ ತಂಪಾಗುವ ಎಂಜಿನ್‌ನಲ್ಲಿ ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಸೇರಿ ಕೂಲಂಟನ್ನು 90 ಡಿಗ್ರಿ ಆಸುಪಾಸಿನಲ್ಲಿ ಹಿಡಿದಿಡುತ್ತವೆ. ಹೊರಗೆ 25 ಇರಲಿ, 42 ಇರಲಿ, ಅದರ ಕೆಲಸವೇ ಅದು. ಕೂಲಂಟ್ ಸ್ಥಿರ ಇದ್ದರೆ ಆಯಿಲ್ ಕೂಡ ತೀರಾ ಹಾರಾಡುವುದಿಲ್ಲ. ಎಲ್ಲ ಸರಿಯಿರುವ ಕಾರಿನಲ್ಲಿ ಬೇಸಿಗೆ ಬಂತೆಂದು ಆಯಿಲ್ ಒಂದಿಡೀ ಗ್ರೇಡ್ ತೆಳ್ಳಗಾಗುವುದು ಅಪರೂಪ. ಆಯಿಲ್ ಬಿಸಿಯನ್ನು ನಿಜವಾಗಿ ಏರಿಸುವುದು ಹೊರೆ: ತುಂಬು ಲಗೇಜಿನಲ್ಲಿ ಘಾಟಿ ಹತ್ತುವುದು, ಟ್ರೈಲರ್ ಎಳೆಯುವುದು, ತುಂಬ ಹೊತ್ತು ಅತಿ ವೇಗದಲ್ಲಿ ಓಡಿಸುವುದು. ಆಗ 120 ದಾಟಬಹುದು.

ಗಾಳಿಯಿಂದ ತಂಪಾಗುವ ಬೈಕ್ ಎಂಜಿನ್ ಕಥೆ ಬೇರೆ. ಅಲ್ಲಿ ಥರ್ಮೋಸ್ಟಾಟ್ ಇಲ್ಲ. ತಂಪು ಮಾಡುವ ಗಾಳಿಯೇ 15 ಡಿಗ್ರಿ ಬಿಸಿಯಾದರೆ ಆಯಿಲ್ ಬಿಸಿಯೂ ಬಹುಪಾಲು ಅಷ್ಟೇ ಏರುತ್ತದೆ. ಸಿಗ್ನಲ್‌ನಲ್ಲಿ ನಿಂತರೆ ಗಾಳಿಯೂ ಇಲ್ಲ. ಮೇಲಿನ ಲೆಕ್ಕದ ಪ್ರಕಾರ ಅದು ಒಂದು ಗ್ರೇಡ್. ಸೆಕೆಯ ಊರಿನ ಇಂಥ ಬೈಕಿಗೆ ಕೈಪಿಡಿಯಲ್ಲೇ 20W-50 ಹೇಳಿರುವುದು ಸುಮ್ನೆ ಅಲ್ಲ. ಬೈಕಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಬಹಳಷ್ಟು ಬೈಕ್‌ಗಳಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ಒಂದೇ ಆಯಿಲ್. ಮಲ್ಟಿಗ್ರೇಡ್ ಆಯಿಲ್ ಬಿಸಿಯಾದಾಗ ತೀರಾ ತೆಳ್ಳಗಾಗದಂತೆ ತಡೆಯುವುದು ಅದರಲ್ಲಿ ಬೆರೆಸಿದ ಉದ್ದನೆಯ ಪಾಲಿಮರ್ ಎಳೆಗಳು. ಗೇರ್ ಹಲ್ಲುಗಳ ನಡುವೆ ಸಿಕ್ಕಿ ಆ ಎಳೆಗಳು ತುಂಡಾಗುತ್ತವೆ. ಹೊಸದಾಗಿ 40 ಇದ್ದದ್ದು ಕೆಲವು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ 30ರ ಪಟ್ಟಿಗೆ ಜಾರಬಹುದು. ಡಬ್ಬದ ಮೇಲಿನ ಅಂಕಿ ಹೊಸ ಆಯಿಲ್‌ನದು, ಎಂಜಿನ್ ಒಳಗಿರುವ ಆಯಿಲ್‌ನದಲ್ಲ.

ಹುಡುಕುವ ಕ್ರಮ

ಲೈಟ್ ಯಾವಾಗ ಮಿಣುಕುತ್ತದೆ ಎನ್ನುವುದನ್ನೇ ಮೊದಲು ಸರಿಯಾಗಿ ನೋಡಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ. ಕಾದ ಮೇಲೆ ಐಡಲ್‌ನಲ್ಲಿ ಮಾತ್ರ ಬಂದು, ಆಕ್ಸಿಲರೇಟರ್‌ಗೆ ಹೋದರೆ ಆಯಿಲ್ ತೆಳ್ಳಗಾಗಿರುವುದು ಅಥವಾ ಬೇರಿಂಗ್ ಸವೆದಿರುವುದು. ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಬಂದರೆ ಆಯಿಲ್ ಮಟ್ಟ ಕಡಿಮೆ ಇದೆ. ವೇಗ ಏರಿದಂತೆ ಬಂದರೆ ಸಂಪ್‌ನಲ್ಲಿರುವ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿರುವ, ಜಾಲರಿ ಕಟ್ಟಿಕೊಂಡಿರುವ ಅನುಮಾನ. ಕೊನೆಯದ್ದಕ್ಕೆ ಮಂದ ಆಯಿಲ್ ಹಾಕಿದರೆ ಇನ್ನಷ್ಟು ಕೆಡುತ್ತದೆ, ಕಟ್ಟಿಕೊಂಡ ಜಾಲರಿಯಲ್ಲಿ ಮಂದದ್ದು ಇನ್ನೂ ಕಷ್ಟಪಟ್ಟು ಹೋಗಬೇಕು.

ಆಮೇಲೆ ಡಿಪ್‌ಸ್ಟಿಕ್. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ನೋಡಿ. ಎಲ್ಲರೂ ಕಡಿಮೆ ಆಗಿದೆಯಾ ಎಂದು ಮಾತ್ರ ನೋಡುತ್ತಾರೆ. ಜಾಸ್ತಿ ಆಗಿದೆಯಾ ಎಂದೂ ನೋಡಬೇಕು. ಎಂಜಿನ್ ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಹೆಚ್ಚಿದೆ ಎಂದರೆ ಬೇರೇನೋ ಬಂದು ಸೇರಿದೆ. ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು. ಬಣ್ಣ ಹಾಗೇ ಇದ್ದು ಹೆಚ್ಚಿದ್ದರೆ ಇಂಧನ. ಪೆಟ್ರೋಲ್ ಆದರೆ ಮೂಗಿಗೆ ಗೊತ್ತಾಗುತ್ತದೆ. ಡೀಸೆಲ್ ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ಫಿಲ್ಟರ್ ಕಾಗದದ ಮೇಲೆ ಒಂದು ಹನಿ ಬಿಟ್ಟು ಕೆಲವು ಗಂಟೆ ಇಡಿ. ಕಪ್ಪು ಕಲೆಯ ಸುತ್ತ ತಿಳಿಯಾದ ಉಂಗುರ ಅಗಲವಾಗಿ ಹರಡಿದರೆ ಡೀಸೆಲ್ ಅನುಮಾನಿಸಬಹುದು. ಇದು ಸುಳಿವು ಮಾತ್ರ, ಅಳತೆ ಅಲ್ಲ.

ಇಲ್ಲೊಂದು ಮೋಸ ಇದೆ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಅದು ಇಳಿದಷ್ಟೂ ಇಂಧನ ತುಂಬಿ ಮಟ್ಟ ಸರಿಯಾಗಿಯೇ ಕಾಣಬಹುದು. ಮೊದಲು ಆಯಿಲ್ ಇಳಿಯುತ್ತಿದ್ದ ಗಾಡಿ ಈಗ ಇದ್ದಕ್ಕಿದ್ದಂತೆ "ಒಂದು ಚೂರೂ ಇಳಿದಿಲ್ಲ" ಎಂದರೆ ಖುಷಿಪಡುವ ಮೊದಲು ಯೋಚಿಸಿ.

ಮೂರನೆಯದು ಪ್ರೆಶರ್ ಅಳೆಯುವುದು. ಲೈಟ್‌ನ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಸೂಜಿ ಇರುವ ಗೇಜ್ ಕೂರಿಸಬೇಕು. ಸಣ್ಣ ಗ್ಯಾರೇಜಿನಲ್ಲೂ ಆಗುವ ಕೆಲಸ. ಆದರೂ ಇದನ್ನು ಮಾಡುವವರು ಕಡಿಮೆ, ಆಯಿಲ್ ಬದಲಿಸುವುದು ಸುಲಭ ಅಲ್ವಾ. ಲೈಟ್‌ನ ಸ್ವಿಚ್ ಸಾಮಾನ್ಯವಾಗಿ 0.3ರಿಂದ 0.5 ಬಾರ್ ನಡುವೆ ಹತ್ತುತ್ತದೆ. ಅದು ಬಹಳ ಕಡಿಮೆ. ಲೈಟ್ ಆರಿದೆ ಎಂದರೆ ಪ್ರೆಶರ್ ಚೆನ್ನಾಗಿದೆ ಎಂದಲ್ಲ, ಆ ಮಟ್ಟ ದಾಟಿದೆ ಎಂದಷ್ಟೇ. ಗೇಜ್‌ನಲ್ಲಿ ಪ್ರೆಶರ್ ಸರಿಯಿದ್ದು ಲೈಟ್ ಮಾತ್ರ ಮಿಣುಕಿದರೆ ಸ್ವಿಚ್ ಬದಲಿಸಿ, ಕೆಲಸ ಮುಗಿಯಿತು.

ಒಂದು ಕಾರಿನ ಲೆಕ್ಕ

ಗೆಳೆಯರೊಬ್ಬರ ಡೀಸೆಲ್ ಕಾರಿನಲ್ಲಿ ಇದೇ ಲಕ್ಷಣ. ಕಾರು ಹೆಚ್ಚಾಗಿ ಓಡುವುದು ಊರೊಳಗಿನ ಟ್ರಾಫಿಕ್‌ನಲ್ಲಿ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇದೆ. ಕೈಪಿಡಿ ಹೇಳಿದ್ದು 5W-30, ಜೊತೆಗೆ C3 ಎಂಬ ಗುರುತು. ಹಾಕಿದ್ದೂ ಅದೇ. ಆಯಿಲ್ ಬದಲಿಸಿ ಇನ್ನೂ ಅವಧಿ ಅರ್ಧವೂ ಮುಗಿದಿರಲಿಲ್ಲ. ಗ್ಯಾರೇಜಿನವರ ತೀರ್ಪು: "ಈ ಬಿಸಿಲಿಗೆ 30 ಸಾಲಲ್ಲ, 15W-40 ಹಾಕ್ಸಿ."

ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆ ದಾಟಿತ್ತು. ಎರಡು ಗೆರೆಗಳ ನಡುವೆ ಎಷ್ಟು ಅಂತರವೋ ಅದರ ಅರ್ಧದಷ್ಟು ಮೇಲೆ. ಈ ಎಂಜಿನ್‌ನಲ್ಲಿ ಎರಡು ಗೆರೆಗಳ ನಡುವೆ ಹಿಡಿಸುವುದು ಒಂದು ಲೀಟರ್. ಆಯಿಲ್ ಹಾಕಿದ್ದು 5 ಲೀಟರ್, ಮೇಲಿನ ಗೆರೆಗೆ ಸರಿಯಾಗಿ. ಅಂದರೆ ಈಗ ಅರ್ಧ ಲೀಟರ್ ಜಾಸ್ತಿ ಇದೆ. ಐದೂವರೆ ಲೀಟರ್‌ನಲ್ಲಿ ಅರ್ಧ ಲೀಟರ್ ಎಂದರೆ ನೂರಕ್ಕೆ 9ರಷ್ಟು.

ಈ ಡೀಸೆಲ್ ಎಲ್ಲಿಂದ ಬಂತು? ಡಿಪಿಎಫ್ ತುಂಬಿದಾಗ ಕಾರು ತಾನೇ ಅದನ್ನು ಸುಡುತ್ತದೆ. ಅದಕ್ಕೆ ಬಹಳ ಶಾಖ ಬೇಕು. ಆ ಶಾಖಕ್ಕಾಗಿ ಇಂಜೆಕ್ಟರ್ ಸ್ವಲ್ಪ ಡೀಸೆಲನ್ನು ತಡವಾಗಿ, ಮುಖ್ಯ ಉರಿ ಮುಗಿದ ಮೇಲೆ ಸಿಂಪಡಿಸುತ್ತದೆ. ಅದರಲ್ಲಿ ಒಂದು ಪಾಲು ಸಿಲಿಂಡರ್ ಗೋಡೆಗೆ ಅಂಟಿ ಕೆಳಗೆ ಸಂಪ್‌ಗೆ ಜಾರುತ್ತದೆ. ಸುಡುವ ಕೆಲಸ ಪೂರ್ತಿಯಾದರೆ ಇಳಿಯುವುದು ಸ್ವಲ್ಪ. ಊರೊಳಗೆ ಹತ್ತು ನಿಮಿಷ ಓಡಿಸಿ ಆಫ್ ಮಾಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮರುದಿನ ಮತ್ತೆ ಮೊದಲಿನಿಂದ ಶುರು, ಮತ್ತೆ ಡೀಸೆಲ್. ಪೆಟ್ರೋಲ್ ಆದರೆ ಕಾದ ಆಯಿಲ್‌ನಿಂದ ಬಹುಪಾಲು ಆವಿಯಾಗಿ ಹೋಗುತ್ತದೆ. ಡೀಸೆಲ್ ಹಾಗೆ ಸುಲಭವಾಗಿ ಹೋಗುವುದಿಲ್ಲ, ಅಲ್ಲೇ ಕೂರುತ್ತದೆ.

ಈಗ ಅಂಕಿ ನೋಡೋಣ. ಹೊಸದಾಗಿ ಈ 5W-30 ಆಯಿಲ್ 100 ಡಿಗ್ರಿಯಲ್ಲಿ 12.0 ಇತ್ತು, 30ರ ಪಟ್ಟಿಯ ಮೇಲಿನ ತುದಿಯಲ್ಲಿ. ನೂರಕ್ಕೆ 9ರಷ್ಟು ಡೀಸೆಲ್ ಬೆರೆತರೆ ಲೆಕ್ಕದ ಪ್ರಕಾರ ಸುಮಾರು 8.9ಕ್ಕೆ ಇಳಿಯುತ್ತದೆ. ಅದು 20ರ ಪಟ್ಟಿ. ಡಬ್ಬದ ಮೇಲೆ 30, ಎಂಜಿನ್ ಒಳಗೆ 20. ಗೇಜ್ ಹಾಕಿದಾಗ ಕಾದ ಐಡಲ್‌ನಲ್ಲಿ ಸೂಜಿ 0.5 ಬಾರ್ ಆಸುಪಾಸಿನಲ್ಲಿ ತೂಗಾಡುತ್ತಿತ್ತು. ಈ ಎಂಜಿನ್‌ಗೆ ವರ್ಕ್‌ಶಾಪ್ ಕೈಪಿಡಿ ಹೇಳುವ ಕನಿಷ್ಠ 0.7.

ಗ್ಯಾರೇಜಿನ ಮಾತು ಕೇಳಿ 15W-40 ಹಾಕಿದ್ದರೆ ಏನಾಗುತ್ತಿತ್ತು? ಮೊದಲ ಕೆಲವು ತಿಂಗಳು ಲೈಟ್ ಬರುತ್ತಲೇ ಇರಲಿಲ್ಲ. ಡೀಸೆಲ್ ಇಳಿಯುವುದು ಮಾತ್ರ ನಿಲ್ಲುತ್ತಿರಲಿಲ್ಲ. 14.5 ಇರುವ ಆಯಿಲ್‌ಗೆ ಅಷ್ಟೇ ಡೀಸೆಲ್ ಬೆರೆತರೆ ಸುಮಾರು 10.3ಕ್ಕೆ ಬರುತ್ತದೆ. ಪ್ರೆಶರ್ 0.7ಕ್ಕಿಂತ ಕೂದಲೆಳೆಯಷ್ಟು ಕೆಳಗೆ ಇರುತ್ತಿತ್ತು, ಆದರೆ 0.5ರ ಮೇಲೆ. ಲೈಟ್ ಸುಮ್ಮನಿರುತ್ತಿತ್ತು. ದೋಷ ಒಳಗೇ ಬೆಳೆಯುತ್ತಿತ್ತು.

ಇನ್ನೊಂದು ನಷ್ಟವೂ ಇತ್ತು. ಆ C3 ಎನ್ನುವ ಗುರುತು ಎರಡು ವಿಷಯ ಹೇಳುತ್ತದೆ. ಒಂದು, ಈ ಆಯಿಲ್ ಸುಟ್ಟಾಗ ಬೂದಿ ಕಡಿಮೆ. ಡಿಪಿಎಫ್‌ನಲ್ಲಿ ಮಸಿಯನ್ನು ಸುಡಬಹುದು, ಆಯಿಲ್‌ನ ಬೂದಿಯನ್ನು ಸುಡಲಾಗದು. ಅದು ಅಲ್ಲೇ ಉಳಿದು ಜಾಗ ತುಂಬುತ್ತದೆ. ಹಳೆಯ ಡೀಸೆಲ್ ಗಾಡಿಗಳಿಗೆಂದು ಮಾಡಿದ 15W-40ನಲ್ಲಿ ಸಾಮಾನ್ಯವಾಗಿ ಬೂದಿ ಜಾಸ್ತಿ. ಡಿಪಿಎಫ್ ಬೇಗ ತುಂಬುತ್ತದೆ, ಇನ್ನೂ ಪದೇ ಪದೇ ಸುಡಬೇಕಾಗುತ್ತದೆ, ಇನ್ನೂ ಜಾಸ್ತಿ ಡೀಸೆಲ್ ಇಳಿಯುತ್ತದೆ. ಮದ್ದೇ ರೋಗಕ್ಕೆ ಗೊಬ್ಬರ.

ಎರಡನೆಯ ವಿಷಯ "30 ತೆಳು" ಎನ್ನುವವರು ನೋಡಬೇಕಾದದ್ದು. 100 ಡಿಗ್ರಿಯ ಅಳತೆಯ ಜೊತೆಗೆ 150 ಡಿಗ್ರಿಯಲ್ಲಿ, ಬೇರಿಂಗ್ ಒಳಗಿನ ಹಾಗೆ ಜೋರಾಗಿ ಉಜ್ಜುತ್ತಾ ಮಾಡುವ ಇನ್ನೊಂದು ಪರೀಕ್ಷೆ ಇದೆ. ಅಲ್ಲಿ ಸಾಮಾನ್ಯ 30 ಗ್ರೇಡ್‌ಗೆ ಕನಿಷ್ಠ 2.9 ಸಾಕು. 5W-40ಕ್ಕೆ 3.5 ಬೇಕು. C3 ಗುರುತು ಇರುವ 5W-30 ಕೂಡ 3.5 ಮುಟ್ಟಲೇಬೇಕು. ಅಂದರೆ ಅತಿ ಬಿಸಿಯಲ್ಲಿ ಬೇರಿಂಗ್ ಕಾಯುವ ವಿಷಯಕ್ಕೆ ಬಂದರೆ ಈ 30, 5W-40ರ ಕನಿಷ್ಠ ಮಟ್ಟಕ್ಕೆ ಸಮ. ಬರೀ ಎರಡು ಅಂಕಿ ನೋಡಿ ತೆಳು ಎಂದುಬಿಟ್ಟರೆ ಇದು ಕಣ್ಣಿಗೆ ಬೀಳುವುದಿಲ್ಲ. ಡಬ್ಬದ ಹಿಂಭಾಗವನ್ನೂ ಓದಬೇಕು.

ಆ ಕಾರಿಗೆ ಮಾಡಿದ್ದು ಇಷ್ಟು. ಸ್ಕ್ಯಾನರ್ ಹಾಕಿ ಡಿಪಿಎಫ್ ಎಷ್ಟು ಸಲ ಸುಡಲು ಶುರುಮಾಡಿ ಮುಗಿಸದೆ ಬಿಟ್ಟಿದೆ ಎಂದು ನೋಡಲಾಯಿತು. ಇಂಜೆಕ್ಟರ್ ಸೋರುತ್ತಿಲ್ಲ ಎಂದು ಖಚಿತ ಮಾಡಿಕೊಂಡರು. ನಿಲ್ಲಿಸಿಯೇ ಸ್ಕ್ಯಾನರ್‌ನಿಂದ ಒಮ್ಮೆ ಪೂರ್ತಿ ಸುಡಿಸಿ, ಅದಾದ ಮೇಲೆ ಆಯಿಲ್, ಫಿಲ್ಟರ್ ಬದಲಿಸಿದರು. ಈ ಕ್ರಮ ಮುಖ್ಯ. ಮೊದಲು ಹೊಸ ಆಯಿಲ್ ಹಾಕಿ ಆಮೇಲೆ ಸುಡಿಸಿದರೆ ಹೊಸ ಆಯಿಲ್‌ಗೇ ಡೀಸೆಲ್ ಇಳಿಯುತ್ತದೆ. ಹಾಕಿದ್ದು ಅದೇ 5W-30, C3. ಕಾದ ಐಡಲ್‌ನಲ್ಲಿ ಗೇಜ್ 0.8ರ ಹತ್ತಿರ ನಿಂತಿತು. ಬೇರಿಂಗ್ ಸವೆದಿದ್ದರೆ ಹೊಸ ಆಯಿಲ್ ಹಾಕಿದರೂ ಅದು ಕೆಳಗೇ ಉಳಿಯುತ್ತಿತ್ತು.

ಮಂದ ಆಯಿಲ್ ನಿಜಕ್ಕೂ ಬೇಕಾದಾಗ

ಮಂದ ಆಯಿಲ್ ಎಂದರೆ ತಪ್ಪು ಎಂದಲ್ಲ. ಬಹಳಷ್ಟು ಕೈಪಿಡಿಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಹೊರಗಿನ ಬಿಸಿಗೆ ತಕ್ಕ ಗ್ರೇಡ್ ತೋರಿಸುವ ಚಿತ್ರ ಇರುತ್ತದೆ. ಒಂದೊಂದು ಗ್ರೇಡ್‌ಗೆ ಒಂದೊಂದು ಅಡ್ಡ ಪಟ್ಟಿ. 20W-50ರ ಪಟ್ಟಿ ಬಿಸಿ ತುದಿಯ ಕಡೆಗೆ ಬಾಣದಂತೆ ಚಾಚಿರುತ್ತದೆ. ನಿಮ್ಮ ಊರಿನ ಅತಿ ತಂಪಾದ ಬೆಳಗು ಮತ್ತು ಅತಿ ಬಿಸಿ ಮಧ್ಯಾಹ್ನ, ಎರಡನ್ನೂ ಒಳಗೊಳ್ಳುವ ಪಟ್ಟಿ ಹುಡುಕಿ. ಅಂಥ ಗ್ರೇಡ್ ಎರಡು ಮೂರು ಇದ್ದು, ಗಾಡಿ ಘಾಟಿಯಲ್ಲೋ ಭಾರ ಹೊತ್ತೋ ದಿನವೂ ದುಡಿಯುತ್ತಿದ್ದರೆ ಅವುಗಳಲ್ಲಿ ಎರಡನೆಯ ಅಂಕಿ ದೊಡ್ಡದಿರುವುದನ್ನು ನಾನು ಆರಿಸುತ್ತೇನೆ. ಕೈಪಿಡಿ ಒಂದೇ ಗ್ರೇಡ್ ಹೇಳಿದ್ದರೆ ಅದನ್ನೇ ಹಾಕಿಸುತ್ತೇನೆ. ಎಂಜಿನ್‌ನ ಬೇರಿಂಗ್ ಸಂದು, ಪಂಪ್, ವಾಲ್ವ್ ಟೈಮಿಂಗ್ ಎಲ್ಲವನ್ನೂ ಅದಕ್ಕೇ ಹೊಂದಿಸಿರುತ್ತಾರೆ.

ಬೇರಿಂಗ್ ಸವೆದಿದೆ ಎಂದು ಗೇಜ್ ಹೇಳಿದ ಹಳೆಯ ಎಂಜಿನ್‌ಗೆ ಒಂದು ಗ್ರೇಡ್ ಮೇಲಕ್ಕೆ, 30ರಿಂದ 40ಕ್ಕೆ, ಹೋಗಬಹುದು. ಅದು ಎಂಜಿನ್ ಕೆಲಸ ಮಾಡಿಸುವವರೆಗೆ ದಿನ ದೂಡುವ ಉಪಾಯ. ಹಾಗೆ ಹೋಗುವಾಗಲೂ ಮೊದಲ ಅಂಕಿಯನ್ನು ಎಳೆದು ಏರಿಸುವ ಅಗತ್ಯ ಇಲ್ಲ. 5W-30ರಿಂದ 5W-40ಕ್ಕೆ ಹೋದರೆ ಕಾದಾಗಿನ ಲಾಭ ಸಿಗುತ್ತದೆ, ಬೆಳಿಗ್ಗೆ ಆಯಿಲ್ ಬೇಗ ಮೇಲೇರುವುದೂ ಉಳಿಯುತ್ತದೆ.

ಯಾವ ದಾರಿ ಹಿಡಿದರೂ ಆಯಿಲ್ ಬದಲಿಸಿದ ದಿನ ಡಿಪ್‌ಸ್ಟಿಕ್ ಮಟ್ಟವನ್ನು ಫೋನಿನಲ್ಲಿ ಫೋಟೋ ತೆಗೆದಿಡಿ, ಪಕ್ಕದಲ್ಲಿ ಕಿಲೋಮೀಟರ್ ಬರೆದುಕೊಳ್ಳಿ. ಸಾವಿರ ಕಿಲೋಮೀಟರ್ ಆದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ನೋಡಿ. ಡಿಪಿಎಫ್ ಇರುವ ಗಾಡಿಯಲ್ಲಿ ಮಟ್ಟ ಆಗಲೇ ಗೆರೆ ದಾಟಲು ಶುರುವಾಗಿದ್ದರೆ ಸುಡುವ ಕೆಲಸ ಮತ್ತೆ ಅರ್ಧಕ್ಕೆ ನಿಲ್ಲುತ್ತಿದೆ. ಲೈಟ್ ಬರುವವರೆಗೆ ಕಾಯಬೇಡಿ, ಸ್ಕ್ಯಾನರ್ ಹಾಕಿಸಿ.